ಮುದ್ದೆಯ ಹೊಟ್ಟೆ, ಪೊಟ್ಟಣದ ಹಸಿವು

ಕೋಲಾರದ ಸುಗಟೂರಿನಂಥ ಹೋಬಳಿ ಊರಿನಲ್ಲೂ ಇವತ್ತು ಒಲೆ ಹಚ್ಚದೆ ಇಡೀ ದಿನ ಕಳೆದುಬಿಡಬಹುದು. ಬೆಳಿಗ್ಗೆ ಟೀ ಜೊತೆ ಬಿಸ್ಕತ್ತು, ಹತ್ತು ಗಂಟೆಗೆ ಬನ್ನು, ಮಧ್ಯಾಹ್ನಕ್ಕೆ ದಿಢೀರ್ ನೂಡಲ್ಸು, ಸಂಜೆ ಐದು ರೂಪಾಯಿಯ ಕುರುಕಲು ಪೊಟ್ಟಣ, ಬಾಯಾರಿದರೆ ಬಣ್ಣದ ಪಾನೀಯ. ಅಂಗಡಿಯ ಮುಂದೆ ಈ ಪೊಟ್ಟಣಗಳ ಸರ ಮಕ್ಕಳ ಕೈಗೆಟಕುವ ಎತ್ತರದಲ್ಲೇ ತೂಗುತ್ತಿರುತ್ತದೆ. ಒಂದು ಕಾಲಕ್ಕೆ ತಮ್ಮೇಗೌಡರ ವಂಶದವರು ಆಳಿದ ಪಾಳೆಯಪಟ್ಟಿನ ಈ ಸೀಮೆ ರಾಗಿ, ಅವರೆ, ಹುರುಳಿಗಳ ಸೀಮೆ. ಮುದ್ದೆ ಉಣ್ಣುವುದನ್ನು ಇಲ್ಲಿನ ಹಿರಿಯರು ಇಂದಿಗೂ ‘ಹಿಟ್ಟು ತಿನ್ನುವುದು’ ಎನ್ನುತ್ತಾರೆ. ಅವರ ಮನೆಗಳಲ್ಲೇ ಈಗ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಮೂವತ್ತರ ಹರೆಯದವರು ಕಾಣಸಿಗುತ್ತಾರೆ.

ಇದಕ್ಕೆ ನಾವು ಸಿದ್ಧವಾಗಿಟ್ಟುಕೊಂಡಿರುವ ವಿವರಣೆ ಬಾಯಿಚಪಲ. ತಿನ್ನುವವರಿಗೆ ಹಿಡಿತವಿಲ್ಲ, ಮಕ್ಕಳಿಗೆ ಶಿಸ್ತಿಲ್ಲ, ತಾಯಂದಿರಿಗೆ ಸೋಮಾರಿತನ ಎಂದು ಹೇಳಿ ಮುಗಿಸುತ್ತೇವೆ. ಈ ವಿವರಣೆ ತಪ್ಪು ಎಂಬುದೇ ನನ್ನ ವಾದ. ಪೊಟ್ಟಣದ ತಿನಿಸು ಹೊಟ್ಟೆಗೂ ಮಿದುಳಿಗೂ ನಡುವೆ ನಡೆಯುವ ‘ಸಾಕು’ ಎಂಬ ಸಂದೇಶ ಹೊರಡುವ ಮೊದಲೇ ತನ್ನ ಶಕ್ತಿಯನ್ನೆಲ್ಲ ಒಳಗೆ ಇಳಿಸಿಬಿಡುತ್ತದೆ. ಮನೆಯ ಮುದ್ದೆ–ಸೊಪ್ಪಿನ ಸಾರು ಹಾಗೆ ಮಾಡಲಾರದು. ವ್ಯತ್ಯಾಸವಿರುವುದು ತಿನ್ನುವವರ ಗುಣದಲ್ಲಲ್ಲ, ತಿನ್ನುವ ವಸ್ತುವಿನ ರಚನೆಯಲ್ಲಿ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಪ್ಪತ್ತು ಮಂದಿಯನ್ನು, ಹತ್ತು ಗಂಡಸರು ಹತ್ತು ಹೆಂಗಸರು, ನಾಲ್ಕು ವಾರ ಆಸ್ಪತ್ರೆಯೊಳಗೇ ಇರಿಸಿದರು. ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ತರಕಾರಿ, ಮಾಂಸ, ಮೊಟ್ಟೆಗಳಿಂದ ಆಗಷ್ಟೇ ಬೇಯಿಸಿದ ಊಟ. ಅತಿಸಂಸ್ಕರಿತ ಎಂದರೆ ಧಾನ್ಯವನ್ನೋ ಎಣ್ಣೆಯನ್ನೋ ಕಾರ್ಖಾನೆಯಲ್ಲಿ ಬಿಡಿಬಿಡಿಯಾಗಿ ಒಡೆದು, ಆ ಭಾಗಗಳನ್ನು ಮತ್ತೆ ಜೋಡಿಸಿ, ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿ ಇರದ ಬಣ್ಣ, ಪರಿಮಳ, ಮಿಶ್ರಕಾರಕಗಳನ್ನು ಬೆರೆಸಿ ಮಾಡಿದ್ದು. ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ ಎಂಬವರು 2009ರಿಂದ ಬೆಳೆಸಿಕೊಂಡು ಬಂದ ವಿಂಗಡಣೆ ಇದು.

ಹಾಲ್ ಅವರ ಪ್ರಯೋಗದ ಬಿಗಿ ಗಮನಿಸಬೇಕಾದದ್ದು. ಎರಡೂ ಊಟದಲ್ಲಿ ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎಲ್ಲವನ್ನೂ ಸಮ ಮಾಡಿದ್ದರು. ಒಬ್ಬರಿಗೆ ಬೇಕಾದದ್ದರ ಎರಡರಷ್ಟು ಮುಂದಿಟ್ಟು, ಬೇಕಾದಷ್ಟು ತಿನ್ನಿ, ಬೇಡವಾದಾಗ ಬಿಡಿ ಎಂದಿದ್ದರು. ಒಂದೊಂದು ಊಟಕ್ಕೂ ಒಂದು ಗಂಟೆ ಬಿಡುವು. ಯಾವುದು ಹೆಚ್ಚು ಹಿಡಿಸಿತು ಎಂದು ಕೇಳಿದಾಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಂತು. ಆದರೂ ಅತಿಸಂಸ್ಕರಿತ ಊಟದ ದಿನಗಳಲ್ಲಿ ಅದೇ ಜನ ದಿನಕ್ಕೆ ಸರಾಸರಿ 508 ಕ್ಯಾಲೊರಿ ಹೆಚ್ಚು ತಿಂದರು. ಎರಡು ವಾರದಲ್ಲಿ ತೂಕ 0.9 ಕಿಲೊ ಏರಿತು, ಅದರಲ್ಲಿ ಸುಮಾರು 0.4 ಕಿಲೊ ಬರೀ ಕೊಬ್ಬು. ಬೇಯಿಸಿದ ಊಟಕ್ಕೆ ಬದಲಾದಾಗ ಯಾರೂ ‘ಕಡಿಮೆ ತಿನ್ನಿ’ ಎನ್ನದೆಯೇ ಅಷ್ಟೇ ತೂಕ ಇಳಿಯಿತು. ಅದೇ ಮನುಷ್ಯ, ಅದೇ ಮನಸ್ಸು, ಅದೇ ಆಸ್ಪತ್ರೆಯ ಕೋಣೆ. ಇಲ್ಲಿ ಚಪಲವನ್ನು ಎಲ್ಲಿ ಹುಡುಕುವುದು?

ಹಾಗಿದ್ದರೆ ಬದಲಾದದ್ದು ಏನು? ಒಂದು, ವೇಗ. ಅತಿಸಂಸ್ಕರಿತ ಊಟದಲ್ಲಿ ಒಂದು ನಿಮಿಷಕ್ಕೆ ಹೊಟ್ಟೆಗಿಳಿದ ಕ್ಯಾಲೊರಿ ಸ್ಪಷ್ಟವಾಗಿ ಹೆಚ್ಚಿತ್ತು. ತುಂಬಿದ ಕರುಳು ಮಿದುಳಿಗೆ ಸುದ್ದಿ ಮುಟ್ಟಿಸುವುದು ಹಾರ್ಮೋನುಗಳ ಮೂಲಕ, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೇಯಿಸಿದ ಊಟದ ದಿನಗಳಲ್ಲಿ ತೃಪ್ತಿ ಹೇಳುವ ಪಿವೈವೈ ಎಂಬ ಹಾರ್ಮೋನು ಏರಿತ್ತು, ಹಸಿವು ಹೇಳುವ ಗ್ರೆಲಿನ್ ಇಳಿದಿತ್ತು. ಎರಡನೆಯದು ನಾರಿನ ಕತೆ. ಕಾರ್ಖಾನೆಯ ತಿನಿಸಿನಲ್ಲಿ ನಾರು ಎಷ್ಟು ಕಡಿಮೆಯೆಂದರೆ ಎರಡೂ ಊಟವನ್ನು ಸಮ ಮಾಡಲು ಅವರು ನಾರಿನ ಪುಡಿಯನ್ನು ನಿಂಬೆ ಪಾನೀಯದಲ್ಲಿ ಕರಗಿಸಿ ಕೊಡಬೇಕಾಯಿತು. ಲೆಕ್ಕದಲ್ಲಿ ನಾರು ಸಮವಾಯಿತು, ಆದರೆ ಅಗಿಯುವ ತುತ್ತಿನೊಳಗೆ ಅದು ಇರಲಿಲ್ಲ. ಪಾನೀಯವನ್ನು ಬಿಟ್ಟು ಗಟ್ಟಿ ತಿನಿಸನ್ನಷ್ಟೇ ನೋಡಿದರೆ ಅತಿಸಂಸ್ಕರಿತ ಊಟದ ಒಂದೊಂದು ಗ್ರಾಮಿನಲ್ಲೂ ಹೆಚ್ಚು ಕ್ಯಾಲೊರಿ ಅಡಗಿತ್ತು.

ಈ ಮಾತನ್ನು ನಮ್ಮ ತಟ್ಟೆಗೆ ತಂದು ನೋಡೋಣ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 11 ಗ್ರಾಂ ನಾರು ಇರುತ್ತದೆ. ಎಸರು ಮರಳಿದ ಮೇಲೆ ಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ ಬೇಯಿಸಿ, ಗಂಟಿಲ್ಲದಂತೆ ತಿರುವಿ ಕಟ್ಟಿದ ಮೇಲೆ ಅದು ಮುನ್ನೂರು ಗ್ರಾಂ ಮೀರಿದ ಮುದ್ದೆ. ಮೂರರಲ್ಲಿ ಎರಡು ಪಾಲು ನೀರೇ. ಜೊತೆಗೆ ಮಸ್ಸೊಪ್ಪು: ಮೂವತ್ತು ಗ್ರಾಂ ತೊಗರಿಬೇಳೆ, ಅಣ್ಣೆ, ಕೀರೆ, ದಂಟು ಕೂಡಿದ ಒಂದು ಹಿಡಿ ಬೆರಕೆ ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಟ್ಟಿಗೆ ಬೇಯಿಸಿ ಮಸೆದು, ಒಂದು ಚಮಚ ಎಣ್ಣೆಯ ಒಗ್ಗರಣೆ. ಇಷ್ಟೂ ಸೇರಿ ಐನೂರು ಕ್ಯಾಲೊರಿಯ ಆಸುಪಾಸು, ತೂಕ ಅರ್ಧ ಕಿಲೊಗೂ ಮೇಲೆ. ಇನ್ನು ಒಂದು ನೂರು ಗ್ರಾಂ ಕ್ರೀಂ ಬಿಸ್ಕತ್ತಿನ ಪೊಟ್ಟಣ. ಅದೂ ಐನೂರರ ಹತ್ತಿರದ ಕ್ಯಾಲೊರಿಯೇ. ಅಂದರೆ ಮುದ್ದೆಯೂಟದಷ್ಟೇ ಶಕ್ತಿ ಐದರಲ್ಲಿ ಒಂದು ಪಾಲು ತೂಕದಲ್ಲಿ. ಅದನ್ನು ಟೀಯಲ್ಲಿ ಅದ್ದಿ ತಿಂದರೆ ಮೊಬೈಲ್ ನೋಡುತ್ತಾ ಕೂತ ಹೊತ್ತಿನಲ್ಲೇ ಮುಗಿಯುತ್ತದೆ. ಅದಾದ ಒಂದು ಗಂಟೆಗೆ ಊಟಕ್ಕೆ ಕರೆದರೆ ಯಾರೂ ‘ನನಗೆ ಬೇಡ’ ಎನ್ನುವುದಿಲ್ಲ. ಮುದ್ದೆಯೂಟ ಉಂಡವನು ಮಾತ್ರ ಸಂಜೆವರೆಗೆ ಏನನ್ನೂ ಕೇಳುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಅಗಿದಷ್ಟೂ ಹಸಿವು ತಣಿಯುತ್ತದೆ ಎನ್ನುವುದಾದರೆ ಮುದ್ದೆ ಆ ವಾದಕ್ಕೇ ಎದುರು ಸಾಕ್ಷಿಯಲ್ಲವೇ? ಅಲ್ಲ ಎಂದುಕೊಂಡಿದ್ದೇನೆ. ಹೊಟ್ಟೆಗೆ ಸಂಬಂಧಿಸಿದ್ದು ಹಲ್ಲಿನ ಕೆಲಸ ಮಾತ್ರವಲ್ಲ, ಒಂದು ನಿಮಿಷದಲ್ಲಿ ಇಳಿಯುವ ಶಕ್ತಿಯ ಮೊತ್ತ. ನುಂಗಿದ ತುತ್ತಿನಲ್ಲಿ ಬಹುಪಾಲು ನೀರಿರುವುದರಿಂದ ಪ್ರತಿ ತುತ್ತು ಕೊಡುವ ಕ್ಯಾಲೊರಿ ಕಡಿಮೆ, ತುಂಬುವ ಜಾಗ ಹೆಚ್ಚು. ಮುದ್ದೆ ಬಿಸಿಯಾಗಿದ್ದಾಗಲೇ ಚೆನ್ನ, ಬಿಸಿ ಮುದ್ದೆಯನ್ನು ಆತುರದಲ್ಲಿ ನುಂಗಲಾಗದು. ಸೊಪ್ಪು, ಹಿಚುಕಿದ ಕಾಳು ನಡುನಡುವೆ ಬಾಯಿಗೆ ಬಂದು ನಿಲ್ಲಿಸುತ್ತವೆ. ನೆದರ್ಲೆಂಡ್ಸ್‌ನ ವಾಗನಿಂಗನ್ ವಿಶ್ವವಿದ್ಯಾಲಯದವರು ಇತ್ತೀಚೆಗೆ ಇನ್ನೊಂದು ದಿಕ್ಕಿನಿಂದ ಇದನ್ನೇ ಪರೀಕ್ಷಿಸಿದರು. ಎರಡೂ ಗುಂಪಿನ ತಿನಿಸೂ ಅತಿಸಂಸ್ಕರಿತವೇ, ಆದರೆ ಒಂದನ್ನು ನಿಧಾನವಾಗಿ ತಿನ್ನಬೇಕಾದ ಹದದ್ದು, ಇನ್ನೊಂದನ್ನು ಬೇಗ ಮುಗಿಯುವ ಹದದ್ದು ಎಂದು ಆರಿಸಿದ್ದರು. ನಿಧಾನದ ತಿನಿಸು ತಿಂದಾಗ ಜನ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ ಕಡಿಮೆ ತಿಂದರು. ಕಾರ್ಖಾನೆ ಎಂಬ ಹೆಸರಿನಲ್ಲೇ ವಿಷವಿಲ್ಲ, ಅಲ್ಲಿ ತಿನಿಸಿಗೆ ಕೊಟ್ಟ ಹದದಲ್ಲಿ ಬಹಳಷ್ಟಿದೆ ಎಂದು ಇದರಿಂದ ಅನಿಸುತ್ತದೆ.

ಮೂರನೆಯ ಕಾರಣ ಈ ಸೀಮೆಯ ಹೊಲವನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಮಳೆಯನ್ನೇ ನಂಬಿದ ಕೋಲಾರದ ರೈತ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಎಂಬ ಲೆಕ್ಕ ಅದು. ಆದರೆ ಅದೇ ಸಾಲು ಮನೆಗೆ ಬಂದು ಮುದ್ದೆಯ ಜೊತೆ ಹಿದುಕಿದ ಬೇಳೆ ಸಾರಾಗಿ, ಹುರುಳಿಕಾಳಿನ ಬಸ್ಸಾರಾಗಿ ಕೂಡಿತು. ಬರೀ ರಾಗಿಯಲ್ಲಿ ಪ್ರೋಟೀನ್ ಕಡಿಮೆ. ಮೇಲೆ ಹೇಳಿದ ಮುದ್ದೆ–ಮಸ್ಸೊಪ್ಪಿನ ಊಟದಲ್ಲಿ ಅದು ಹದಿನಾರು ಹದಿನೇಳು ಗ್ರಾಮಿಗೆ ಏರುತ್ತದೆ, ಅದರ ಅರ್ಧಕ್ಕಿಂತ ಹೆಚ್ಚು ಬೇಳೆ ಸೊಪ್ಪುಗಳದ್ದು. ಆಸ್ಟ್ರೇಲಿಯಾದ ಸ್ಟೀಫನ್ ಸಿಂಪ್ಸನ್ ಮತ್ತು ಡೇವಿಡ್ ರೌಬೆನ್‌ಹೈಮರ್ 2005ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು: ದೇಹ ತನಗೆ ಬೇಕಾದ ಪ್ರೋಟೀನ್ ಸಿಗುವವರೆಗೆ ತಿನ್ನುತ್ತಲೇ ಇರುತ್ತದೆ. ಪ್ರೋಟೀನ್ ತೆಳುವಾದ ತಿನಿಸಾದರೆ ಅದನ್ನು ಕೂಡಿಸಿಕೊಳ್ಳುವ ಹೊತ್ತಿಗೆ ಹಿಟ್ಟು, ಸಕ್ಕರೆ, ಎಣ್ಣೆ ಮಿತಿ ಮೀರಿ ಒಳಗೆ ಹೋಗಿರುತ್ತದೆ. ಹಾಲ್ ಪ್ರಯೋಗದಲ್ಲಿ ಹೆಚ್ಚಾಗಿ ತಿಂದ ಐನೂರು ಕ್ಯಾಲೊರಿ ಬಂದದ್ದು ಪಿಷ್ಟ–ಸಕ್ಕರೆ ಮತ್ತು ಕೊಬ್ಬಿನಿಂದ. ಪ್ರೋಟೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಕ್ರೀಂ ಬಿಸ್ಕತ್ತಿನ ಪೊಟ್ಟಣದಲ್ಲಿರುವುದು ಸುಮಾರು ಐದು ಗ್ರಾಂ. ಮುದ್ದೆಯೂಟದ ಪ್ರೋಟೀನನ್ನು ಬಿಸ್ಕತ್ತಿನಿಂದಲೇ ಪಡೆಯಬೇಕಾದರೆ ಮೂರು ಪೊಟ್ಟಣ ದಾಟಬೇಕು, ಸಾವಿರದ ಆರುನೂರು ಕ್ಯಾಲೊರಿ. ಇದು ಇನ್ನೂ ಸಿದ್ಧಾಂತವೇ, ಹಸಿವನ್ನು ಅದೊಂದರಿಂದಲೇ ವಿವರಿಸಲಾಗದು. ಆದರೂ ಬಿಸ್ಕತ್ತು ತಿಂದ ಮಗು ಮತ್ತೆ ಮತ್ತೆ ಡಬ್ಬಿ ತಡಕುವುದು ಏಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ಇನ್ನು ಕೊಬ್ಬು ಎಲ್ಲಿ ಕೂರುತ್ತದೆ ಎಂಬ ವಿಷಯ. ಇಲ್ಲಿ ನಮ್ಮ ಜನರ ದೇಹ ಅಮೆರಿಕದವರದ್ದಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಅಳೆದು ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ಮೈಯಲ್ಲಿ 21.2. ನಮ್ಮದೇ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ ಇನ್ನೂ ಹಿಂದಕ್ಕೆ ಹೋಯಿತು. ಇಂಗ್ಲೆಂಡಿನ ಮಕ್ಕಳಿಗಿಂತ ಅವು ಸಣ್ಣವು, ತೋಳು ತೆಳ್ಳಗೆ, ಆದರೆ ಬೆನ್ನಿನ ಮೇಲಿನ ಕೊಬ್ಬಿನ ಮಡಿಕೆ ಮಾತ್ರ ಕಡಿಮೆ ಇರಲಿಲ್ಲ. ಸ್ನಾಯು ಕಡಿಮೆ, ನಡುಭಾಗದ ಕೊಬ್ಬು ಹೆಚ್ಚು ಎಂಬ ಹಣೆಬರಹ ತೊಟ್ಟಿಲಿನಲ್ಲೇ ಇದೆ. ಅಂಥ ಮೈಗೆ ದಿನಕ್ಕೆ ನೂರಿನ್ನೂರು ಕ್ಯಾಲೊರಿ ಹೆಚ್ಚುವರಿ ಸುರಿದರೆ ಅದು ಹೋಗಿ ಸೇರುವುದು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ. ಹೀಗಾಗಿ ತೂಕದ ಯಂತ್ರ ಹೇಳುವುದನ್ನೇ ನಂಬಿ ಕೂರಬಾರದು. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿದಾಗ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ, ತೂಕ ಎಷ್ಟೇ ಇರಲಿ, ಎಚ್ಚರವಾಗಬೇಕು. ಹೊಲಿಗೆಯವರ ಟೇಪು ಸಾಕು, ಇದಕ್ಕೆ ಲ್ಯಾಬು ಬೇಡ.

ಮನೆಯೂಟವನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ನೇರವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ್ದೆಲ್ಲ ಹಸಿವನ್ನು ಹತೋಟಿಯಲ್ಲಿಡುವುದಿಲ್ಲ. ಬೋಂಡ, ಪೂರಿ, ಹೋಳಿಗೆಯ ಮೇಲೆ ಸುರಿದ ತುಪ್ಪ ಇವೆಲ್ಲ ಮನೆಯವೇ. ಇದಕ್ಕಿಂತ ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆದದ್ದು ಅನ್ನದ ಕಡೆಯಿಂದ. ಪಾಲಿಶ್ ಅಕ್ಕಿ ಅಗ್ಗವಾಗಿ ಸಿಗತೊಡಗಿದ ಮೇಲೆ ಎರಡು ಹೊತ್ತಿನ ಮುದ್ದೆ ಒಂದು ಹೊತ್ತಾಯಿತು, ಎಷ್ಟೋ ಮನೆಗಳಲ್ಲಿ ಭಾನುವಾರದ ಬಾಡೂಟಕ್ಕೆ ಮಾತ್ರ ಉಳಿಯಿತು. ಅನ್ನದಲ್ಲೂ ನೀರು ಇದೆ, ತುತ್ತಿನ ಕ್ಯಾಲೊರಿ ಮುದ್ದೆಗಿಂತ ಬಹಳ ಹೆಚ್ಚೇನಲ್ಲ. ಆದರೆ ನಾರು ಕಾಲು ಭಾಗಕ್ಕೆ ಇಳಿದಿರುತ್ತದೆ. ತಿಳಿಸಾರು ಕಲೆಸಿದ ತಟ್ಟೆ ತುಂಬ ಅನ್ನದಲ್ಲಿ ಕಾಳು, ಸೊಪ್ಪು ಹುಡುಕಬೇಕು. ಮುದ್ದೆಯೂ ಸಕ್ಕರೆ ಕಾಯಿಲೆಗೆ ಮದ್ದಲ್ಲ. ನುಣ್ಣಗೆ ಬೀಸಿದ ರಾಗಿಯ ಎರಡು ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಚೆನ್ನಾಗಿಯೇ ಏರಿಸಬಲ್ಲದು. ಕಾಯುವುದು ಮುದ್ದೆ, ಕಾಳು, ಸೊಪ್ಪಿನ ಕೂಟ. ಅದರಲ್ಲಿ ಒಂದನ್ನೇ ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಸಂಪ್ರದಾಯದ ಹೆಸರು ಉಳಿಯುತ್ತದೆ, ಫಲ ಉಳಿಯುವುದಿಲ್ಲ.

ಅತಿಸಂಸ್ಕರಿತ ಎಂಬ ಪಟ್ಟಿಯೂ ಒರಟು ಪಟ್ಟಿ. ಅದರಲ್ಲಿ ತಂಪು ಪಾನೀಯವೂ ಇದೆ, ಸಾಧಾರಣ ಬ್ರೆಡ್ಡೂ ಇದೆ. ಹಾಲ್ ಪ್ರಯೋಗ ನಡೆದದ್ದು ಎರಡೆರಡು ವಾರ ಮಾತ್ರ. ಲಂಡನ್ನಿನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 55 ಮಂದಿ ಎಂಟೆಂಟು ವಾರ ಎರಡೂ ಬಗೆಯ ಆಹಾರ ತಿಂದರು. ಅಲ್ಲಿನ ಸರ್ಕಾರದ ಪೌಷ್ಟಿಕಾಂಶ ಸೂತ್ರಕ್ಕೆ ಎರಡನ್ನೂ ಹೊಂದಿಸಿದ್ದರು. ಅತಿಸಂಸ್ಕರಿತವಾದರೂ ಅಳತೆ ನೋಡಿ ಆರಿಸಿದ ಆಹಾರದಲ್ಲಿ ತೂಕ ನೂರಕ್ಕೆ ಒಂದರಷ್ಟು ಇಳಿಯಿತು, ಕನಿಷ್ಠ ಸಂಸ್ಕರಣೆಯದ್ದರಲ್ಲಿ ಎರಡರಷ್ಟು. ಅಂದರೆ ಆರಿಸಿಕೊಂಡು ತಿಂದರೆ ಪೊಟ್ಟಣದ ಹಾನಿ ತಗ್ಗುತ್ತದೆ, ಆದರೂ ಬೇಯಿಸಿದ ಊಟ ಒಂದು ಹೆಜ್ಜೆ ಮುಂದೆಯೇ. ಆದರೆ ಸುಗಟೂರಿನ ಅಂಗಡಿಯ ಸರದಲ್ಲಿ ತೂಗುವುದು ಸೂತ್ರಕ್ಕೆ ಹೊಂದಿಸಿದ ಆಹಾರವಲ್ಲ. ಅದು ಮೈದಾ, ಸಕ್ಕರೆ, ತಾಳೆಎಣ್ಣೆ, ಉಪ್ಪಿನ ನಾಲ್ಕೇ ಸರಕಿನ ನೂರು ರೂಪ.

ಇದನ್ನು ಮರೆಮಾಚುವ ಹೊಸ ಉಪಾಯವೆಂದರೆ ರಾಗಿಯ ಹೆಸರು. ಪೊಟ್ಟಣದ ಮುಂಭಾಗದಲ್ಲಿ ರಾಗಿ ತೆನೆಯ ಚಿತ್ರ, ಕಂದುಬಣ್ಣ, ದಪ್ಪ ಅಕ್ಷರ. ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಬೇಕು. ನಮ್ಮ ದೇಶದ ನಿಯಮದಂತೆ ಯಾವ ಪದಾರ್ಥ ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕು, ಹೆಸರಿನಲ್ಲಿ ಎತ್ತಿ ಹೇಳಿದ ಪದಾರ್ಥ ನೂರಕ್ಕೆ ಎಷ್ಟು ಎಂದೂ ಕಾಣಿಸಬೇಕು. ಗೋಧಿಹಿಟ್ಟು ಅಥವಾ ಮೈದಾ ಮೊದಲು ಬಂದು, ಸಕ್ಕರೆ, ತಾಳೆಎಣ್ಣೆ ಹಿಂಬಾಲಿಸಿ, ರಾಗಿ ಎಲ್ಲೋ ಕೆಳಗೆ ಒಂದು ಪುಟ್ಟ ಅಂಕಿಯೊಡನೆ ಕೂತಿದ್ದರೆ ಅದು ರಾಗಿ ಬಿಸ್ಕತ್ತಲ್ಲ, ರಾಗಿ ಬಣ್ಣದ ಬಿಸ್ಕತ್ತು. ಇನ್‌ವರ್ಟ್ ಸಿರಪ್, ಮಾಲ್ಟೊಡೆಕ್ಸ್ಟ್ರಿನ್, ಎಮಲ್ಸಿಫೈಯರ್, ಪರಿಮಳ ಎಂಬ ಪದಗಳೂ, ಆವರಣದಲ್ಲಿ ಮೂರು ಅಂಕಿಯ ಸಂಖ್ಯೆಗಳೂ ಸಾಲಾಗಿ ಬಂದರೆ ಅಲ್ಲಿಗೆ ವಿಂಗಡಣೆ ಮುಗಿದಂತೆ. ಶಾಲೆಗೆ ಹೋಗುವ ಮಗುವೇ ಇದನ್ನು ಓದಿ ಅಜ್ಜಿಗೆ ಹೇಳಬಲ್ಲದು.

ಇಷ್ಟೆಲ್ಲ ತಿಳಿದ ಮೇಲೂ ‘ಮನೆಯಲ್ಲೇ ಅಡುಗೆ ಮಾಡಿ’ ಎಂದು ಉಪದೇಶಿಸುವುದು ಸುಲಭ, ಅದರ ಬೆಲೆ ತೆರುವವರು ಯಾರು ಎಂದು ಕೇಳುವುದು ಕಷ್ಟ. ಬೆರಕೆ ಸೊಪ್ಪು ಬಿಡಿಸುವುದು, ಅವರೆಕಾಳು ನೆನೆಸಿ ಹಿದುಕುವುದು, ಒಲೆಯ ಮುಂದೆ ಬೆವರಿ ಕೋಲು ತಿರುವುವುದು ಗಂಟೆಗಟ್ಟಲೆಯ ದುಡಿಮೆ, ಅದು ಹೆಂಗಸರ ದುಡಿಮೆ. ಅದೇ ಹೆಂಗಸು ಬೆಳಗಾಗುವ ಮೊದಲೇ ಟೊಮೆಟೊ ಕೀಳಲು ಹೋಗಬೇಕು, ಇಲ್ಲವೇ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಯ ಬಸ್ಸು ಹಿಡಿಯಬೇಕು. ಹಾಲ್ ಪ್ರಯೋಗದಲ್ಲೂ ಅಷ್ಟೇ ಕ್ಯಾಲೊರಿಯ ಬೇಯಿಸಿದ ಊಟದ ಸಾಮಗ್ರಿ ವಾರಕ್ಕೆ 151 ಡಾಲರ್, ಅತಿಸಂಸ್ಕರಿತದ್ದು 106 ಡಾಲರ್ ಆಗಿತ್ತು, ಅಡುಗೆಯ ಸಮಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ. ಪೊಟ್ಟಣ ಗೆಲ್ಲುತ್ತಿರುವುದು ರುಚಿಯಿಂದಲ್ಲ, ಬಿಡುವಿಲ್ಲದ ಮನೆಯಲ್ಲಿ ಬಿಡುವು ಮಾರುವುದರಿಂದ. ಹೀಗಿರುವಾಗ ಹೆಂಗಸರನ್ನು ದೂರುವವರು ಮೊದಲು ಮುದ್ದೆ ಕೋಲು ಹಿಡಿಯುವುದನ್ನು ಕಲಿಯಬೇಕು. ಮುದ್ದೆ ತಿರುವುವುದಕ್ಕೆ ಬೇಕಾದ್ದು ತೋಳಿನ ಬಲ. ಅದನ್ನು ಗಂಡಸರು ಮಾಡಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎಲ್ಲ ಹೊತ್ತಿನ ಊಟವನ್ನೂ ಒಂದೇ ಸಲ ತಿದ್ದಲು ಹೊರಡುವುದೂ ಬೇಡ. ಈ ಸೀಮೆಯ ಮನೆಗಳಲ್ಲಿ ರಾತ್ರಿಯ ಊಟ ಇನ್ನೂ ಬಹುಮಟ್ಟಿಗೆ ಬೇಯಿಸಿದ್ದೇ. ಸರ್ಕಾರಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟವಿದೆ. ಪೊಟ್ಟಣ ನುಗ್ಗುವುದು ಮುಖ್ಯವಾಗಿ ಶಾಲೆ ಬಿಟ್ಟು ಬರುವ ನಾಲ್ಕು ಗಂಟೆಗೂ ರಾತ್ರಿ ಊಟಕ್ಕೂ ನಡುವಿನ ಹೊತ್ತಿನಲ್ಲಿ, ದೊಡ್ಡವರಿಗಾದರೆ ಟೀ ಹೊತ್ತಿನಲ್ಲಿ. ಅಲ್ಲಿ ಹೊಟ್ಟೆಗಿಳಿದ ಶಕ್ತಿಯಷ್ಟೂ ರಾತ್ರಿಯ ಊಟದಲ್ಲಿ ಕಡಿಮೆಯಾಗುವುದಿಲ್ಲ. ಹಾಗಾಗಿ ಕಾವಲು ಬೇಕಾದದ್ದು ಆ ಬಾಗಿಲಿಗೆ. ಬೆಳಿಗ್ಗೆಯೇ ನೆನೆಹಾಕಿ ಸಂಜೆ ಬೇಯಿಸಿದ ಹುರುಳಿಕಾಳಿನ ಉಸಲಿ, ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಮಧ್ಯಾಹ್ನದ ಮುದ್ದೆ ಮಿಕ್ಕಿದ್ದರೆ ಮಜ್ಜಿಗೆಯಲ್ಲಿ ಕಲಸಿ ಈರುಳ್ಳಿ ಹಾಕಿದ ಅಂಬಲಿ, ಒಂದು ಬಾಳೆಹಣ್ಣು, ಒಂದು ಬೇಯಿಸಿದ ಮೊಟ್ಟೆ. ಇವುಗಳಲ್ಲಿ ಯಾವುದೂ ಒಲೆಯ ಮುಂದೆ ಗಂಟೆ ನಿಲ್ಲಿಸುವುದಿಲ್ಲ. ನಿಮ್ಮ ಮನೆಯಲ್ಲಿ ನಾಲ್ಕು ಗಂಟೆಯ ಈ ಒಂದು ತಿಂಡಿಯನ್ನು ಮಾತ್ರ ಬದಲಾಯಿಸಿ. ಮಕ್ಕಳು ರಾತ್ರಿ ಊಟಕ್ಕೆ ಹೇಗೆ ಕೂರುತ್ತಾರೆ, ಎಷ್ಟು ಉಣ್ಣುತ್ತಾರೆ ಎಂದು ಒಂದು ತಿಂಗಳು ಗಮನಿಸಿ, ನಿಮ್ಮ ಸೊಂಟಕ್ಕೂ ಟೇಪು ಸುತ್ತಿ ನೋಡಿ.